ಮೊದಲ ಸಲ ಸೋಶಿಯಲ್ ಮೀಡಿಯಾ ಏಜೆನ್ಸಿ ಹುಡುಕುವಾಗ: ಬ್ರೀಫ್‌ನಲ್ಲಿ ಏನಿರಬೇಕು, ಪ್ರಪೋಸಲ್ ಹೇಗೆ ಓದಬೇಕು

ಪ್ರಶ್ನೆ: ನಮ್ಮದು ದಾವಣಗೆರೆಯ ಜವಳಿ ಅಂಗಡಿ, ಅಪ್ಪ ಶುರು ಮಾಡಿದ್ದು. ಈಗ ದಾವಣಗೆರೆಯಲ್ಲಿ ಎರಡು, ಚಿತ್ರದುರ್ಗ, ಶಿವಮೊಗ್ಗ, ರಾಣೆಬೆನ್ನೂರು, ಹಾವೇರಿಯಲ್ಲಿ ಒಂದೊಂದು ಇವೆ. ವರ್ಷದ ವ್ಯಾಪಾರ 30 ಕೋಟಿ ದಾಟಿದೆ. ಮದುವೆ ಜವಳಿಗೆ ಹಿರಿಯರು ನಮ್ಮಲ್ಲಿಗೇ ಬರುತ್ತಾರೆ, ಆದರೆ ಮದುಮಗಳು ಮಾತ್ರ "ಧಾರೆ ಸೀರೆ ಬೆಂಗಳೂರಲ್ಲಿ ತಗೊಂಡ್ವಿ" ಅಂತಾಳೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಇಷ್ಟು ದಿನ ತಮ್ಮ ನೋಡಿಕೊಳ್ಳುತ್ತಿದ್ದ, ಈಗ ಆಗುತ್ತಿಲ್ಲ. ಮೂರು ಏಜೆನ್ಸಿಗಳಿಗೆ ಫೋನ್ ಮಾಡಿದೆವು. ಊರಿನವರು ತಿಂಗಳಿಗೆ 45,000, ಹುಬ್ಬಳ್ಳಿಯವರು 90,000, ಬೆಂಗಳೂರಿನವರು 1.4 ಲಕ್ಷ ಅಂದಿದ್ದಾರೆ. ಅಪ್ಪನಿಗೆ 45,000ದ್ದೇ ಸಾಕು, ತಮ್ಮನಿಗೆ ಬೆಂಗಳೂರಿನದೇ ಬೇಕು. ಹುಬ್ಬಳ್ಳಿಯವರು "ಒಂದು ಬ್ರೀಫ್ ಕೊಡಿ" ಅಂತ ಕೇಳಿದರು. ಅದರಲ್ಲಿ ಏನು ಬರೀಬೇಕು? ಮೂರನ್ನೂ ಹೋಲಿಸೋದು ಹೇಗೆ? ವರಮಹಾಲಕ್ಷ್ಮಿ ಹೊತ್ತಿಗೆ ಕೆಲಸ ಶುರುವಾಗಿರಬೇಕು. ಮೂರೂ ಪ್ರಪೋಸಲ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಮೂರೂ ಪ್ರಪೋಸಲ್ ಓದಿದೆ. ಈಗಿರುವ ಹಾಗೆ ಅವನ್ನು ಹೋಲಿಸಲು ಹೋಗಬೇಡಿ. ಊರಿನವರು ನಿಮಗೆ ದಿನಾ ಪೋಸ್ಟ್ ಹಾಕುವವರು ಬೇಕು ಅಂದುಕೊಂಡಿದ್ದಾರೆ. ಹುಬ್ಬಳ್ಳಿಯವರು ಹಬ್ಬದ ಜಾಹೀರಾತು ನಡೆಸುವವರು ಬೇಕು ಅಂದುಕೊಂಡಿದ್ದಾರೆ. ಬೆಂಗಳೂರಿನವರ ಪ್ರಪೋಸಲ್‌ನಲ್ಲಿ ಲೋಗೋ ಬದಲಾಯಿಸುವ ಮಾತೂ ಇದೆ. ಅವರ ತಪ್ಪೇನಿಲ್ಲ. ನಿಮ್ಮ ಕಡೆಯಿಂದ ಹೋಗಿದ್ದು ಬರೀ ಒಂದು ಫೋನ್ ಕಾಲ್. ಅವರವರಿಗೆ ಬರುವ ಕೆಲಸವನ್ನು ಅವರವರು ಬರೆದು ಕಳಿಸಿದ್ದಾರೆ.

ಅದಕ್ಕೇ ಮೂರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಏನು ಕೆಲಸ ಆಗಬೇಕು ಅಂತ ಎರಡು ಪುಟದ ಬ್ರೀಫ್ ಬರೆದು, ಒಂದೇ ದಿನ ಮೂವರಿಗೂ ಕಳಿಸಿ. ಎರಡು ವಾರ ಟೈಮ್ ಕೊಟ್ಟು ಹೊಸದಾಗಿ ಪ್ರಪೋಸಲ್ ಕೇಳಿ. ಒಂದೇ ಕೆಲಸಕ್ಕೆ ಮೂರು ರೇಟ್ ಬಂದಾಗ ಮಾತ್ರ ಯಾವುದು ದುಬಾರಿ, ಯಾವುದು ಅಗ್ಗ ಅಂತ ಹೇಳಬಹುದು.

ಬ್ರೀಫ್‌ನ ಮೊದಲ ಪ್ಯಾರಾದಲ್ಲಿ ಬರಬೇಕಾದದ್ದು ನಿಮ್ಮ ಅಂಗಡಿಯ ತೊಂದರೆ. ಮೊದಲ ಸಲ ಬರೆಯುವವರು ಹೆಚ್ಚಾಗಿ "ನಮ್ಮ ಬ್ರ್ಯಾಂಡ್ ಜನರಿಗೆ ತಲುಪಬೇಕು, ಫಾಲೋವರ್ಸ್ ಜಾಸ್ತಿ ಆಗಬೇಕು" ಅಂತ ಶುರು ಮಾಡುತ್ತಾರೆ. ಇದಕ್ಕೆ ಯಾವ ಏಜೆನ್ಸಿಯೂ "ಆಗಲ್ಲ" ಅನ್ನುವುದಿಲ್ಲ. ಎಲ್ಲರೂ ಆಗುತ್ತೆ ಅನ್ನುವ ಸಾಲಿನಿಂದ ಯಾರನ್ನೂ ಅಳೆಯಲು ಬರುವುದಿಲ್ಲ. ನಿಮ್ಮ ತೊಂದರೆಯನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ, ಆದರೆ ಸುಮ್ನೆ ದಾಟಿಕೊಂಡು ಹೋಗಿದ್ದೀರಿ: ಮದುವೆ ಜವಳಿ ನಿಮ್ಮಲ್ಲಿ, ಧಾರೆ ಸೀರೆ ಬೆಂಗಳೂರಲ್ಲಿ. ಬ್ರೀಫ್ ನಿಲ್ಲಬೇಕಾದದ್ದು ಇದರ ಮೇಲೆ. ನಾನಾದರೆ ಹೀಗೆ ಬರೆಯುತ್ತಿದ್ದೆ:

> ನಮ್ಮ ಆರೂ ಅಂಗಡಿಗಳಲ್ಲಿ ಮದುವೆ ಜವಳಿಯೇ ದೊಡ್ಡ ವ್ಯಾಪಾರ. ನೆಂಟರಿಗೆ ಕೊಡುವ ಸೀರೆ, ಪಂಚೆ, ಶರ್ಟ್ ಪೀಸ್ ನಮ್ಮಲ್ಲಿ ತಗೊಳ್ಳುತ್ತಾರೆ. ಮದುಮಗಳ ಧಾರೆ ಸೀರೆ, ರಿಸೆಪ್ಷನ್ ಸೀರೆ ಹೊರಗೆ ಹೋಗುತ್ತಿದೆ. 15,000 ರೂಪಾಯಿ ಮೇಲಿನ ರೇಷ್ಮೆ ಸೀರೆಗಳು ನಮ್ಮಲ್ಲಿ ಇವೆ ಅನ್ನುವುದೇ ಆ ವಯಸ್ಸಿನ ಹುಡುಗಿಯರಿಗೆ ಗೊತ್ತಿಲ್ಲ. ಮನೆಯವರು ಜವಳಿಗೆ ಹೊರಡುವ ಮುಂಚೆಯೇ ಮದುಮಗಳು ನಮ್ಮ ಸೀರೆಗಳನ್ನು ಫೋನಿನಲ್ಲಿ ನೋಡಿರಬೇಕು. ಈಗ ಮದುವೆ ಜವಳಿಯ ಹತ್ತು ಬಿಲ್‌ಗಳಲ್ಲಿ ಮೂರರಲ್ಲಿ ಮಾತ್ರ ಧಾರೆ ಸೀರೆ ಇರುತ್ತದೆ. ಒಂದು ವರ್ಷದಲ್ಲಿ ಅದು ಐದಕ್ಕೆ ಬರಬೇಕು. ಆನ್‌ಲೈನ್ ಮಾರಾಟ ಈ ವರ್ಷ ನಮಗೆ ಬೇಡ.

ಹತ್ತರಲ್ಲಿ ಮೂರು ಅನ್ನುವುದು ನನ್ನ ಊಹೆ. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಕಳೆದ ಎರಡು ಮದುವೆ ಸೀಸನ್ ತೆಗೆದು ನಿಜವಾದ ಲೆಕ್ಕ ಹಾಕಿ. ಒಂದು ಕುಟುಂಬದ ಬಿಲ್‌ಗಳು ಬೇರೆ ಬೇರೆ ಕೌಂಟರ್‌ಗಳಲ್ಲಿ ಆಗಿದ್ದರೆ ಫೋನ್ ನಂಬರ್ ಹಿಡಿದು ಒಟ್ಟು ಮಾಡಬೇಕಾಗುತ್ತದೆ. ಸ್ವಲ್ಪ ತಲೆನೋವಿನ ಕೆಲಸ. ಆದರೆ ಈ ಒಂದು ನಂಬರ್ ಕೈಯಲ್ಲಿದ್ದರೆ ಏಜೆನ್ಸಿ ಜೊತೆ ಒಂದು ವರ್ಷ ಮಾತಾಡಲು ಗಟ್ಟಿ ನೆಲ ಸಿಗುತ್ತದೆ. ಕೊನೆಯ ಸಾಲನ್ನೂ ಬಿಡಬೇಡಿ. ಏನು ಬೇಡ ಅಂತ ಹೇಳದಿದ್ದರೆ ಮೂವರಲ್ಲಿ ಒಬ್ಬರಾದರೂ ವೆಬ್‌ಸೈಟ್ ಕಟ್ಟುವ ಎಸ್ಟಿಮೇಟ್ ಸೇರಿಸಿಯೇ ಸೇರಿಸುತ್ತಾರೆ.

ಇನ್ನು ಸ್ಟಾಕ್ ವಿಷಯ. ಸೀರೆ ಅಂಗಡಿಯ ಬ್ರೀಫ್‌ಗಳಲ್ಲಿ ನಾನು ಅತಿ ಕಡಿಮೆ ಕಾಣುವುದು ಇದು, ಜಗಳ ಅತಿ ಹೆಚ್ಚು ಆಗುವುದೂ ಇದರ ಮೇಲೇ. ರೇಷ್ಮೆ ಸೀರೆಯಲ್ಲಿ ಎಷ್ಟೋ ಡಿಸೈನ್‌ಗಳು ಒಂದೇ ಪೀಸ್ ಇರುತ್ತವೆ. ಏಜೆನ್ಸಿಯವರು ಸೋಮವಾರ ಬರುತ್ತಾರೆ. ನಿಮ್ಮ ಸೇಲ್ಸ್‌ಮನ್ ಅತ್ಯಂತ ಚೆನ್ನಾಗಿರುವ ನೇರಳೆ ಸೀರೆ ತೆಗೆದು, ಸೆರಗು ಬಿಡಿಸಿ ತೋರಿಸುತ್ತಾನೆ. ಎಡಿಟ್ ಆಗಿ, ನಿಮ್ಮ ಒಪ್ಪಿಗೆ ಸಿಕ್ಕಿ, ಗುರುವಾರ ಸಂಜೆ ರೀಲ್ ಹೋಗುತ್ತದೆ. ಚೆನ್ನಾಗಿಯೇ ಓಡುತ್ತದೆ. ಶನಿವಾರ ಹರಿಹರದಿಂದ ತಾಯಿ ಮಗಳು ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬರುತ್ತಾರೆ. ಆ ಸೀರೆ ಮಂಗಳವಾರವೇ ಬಿಲ್ ಆಗಿರುತ್ತದೆ. ಸೇಲ್ಸ್‌ಮನ್ "ಅದೇ ಥರದ್ದು ಇದೆ ಬನ್ನಿ ಅಕ್ಕ" ಅಂತ ಬೇರೆ ಹತ್ತು ಹರವುತ್ತಾನೆ. ಮಗಳಿಗೆ ಮನಸ್ಸು ಮುರಿದಿರುತ್ತದೆ. ರಿಪೋರ್ಟ್‌ನಲ್ಲಿ ಮಾತ್ರ ಆ ರೀಲ್ ತಿಂಗಳ ನಂಬರ್ ಒನ್.

ಇದನ್ನು ಏಜೆನ್ಸಿ ಸರಿ ಮಾಡಲು ಆಗುವುದಿಲ್ಲ, ಅವರಿಗೆ ನಿಮ್ಮ ಗೋಡೌನ್ ಕಾಣುವುದಿಲ್ಲ. ಬ್ರೀಫ್‌ನಲ್ಲಿ ನೀವೇ ದಾರಿ ಹೇಳಬೇಕು. ಯಾವ ಸೀರೆಗಳಲ್ಲಿ ಒಂದೇ ಡಿಸೈನ್ ಹತ್ತು ಹದಿನೈದು ಪೀಸ್ ಬರುತ್ತದೆ, ಯಾವುದು ಒಂದೊಂದೇ ಅಂತ ಬರೆಯಿರಿ. ಒಂದೇ ಪೀಸ್ ಇರುವುದನ್ನು ಶೂಟ್ ಮಾಡಿದರೆ ರೀಲ್ ಹೋಗುವವರೆಗೆ ಅದನ್ನು ಮಾರುವುದಿಲ್ಲ, ಹೋದ ಮೇಲೂ ಒಂದು ವಾರ ರೀಲ್ ನೋಡಿ ಬಂದವರಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ ಅಂತ ನಿಮ್ಮೊಳಗೆ ತೀರ್ಮಾನ ಮಾಡಿ. ಅದು ಆಗದ ಮಾತು ಅನ್ನಿಸಿದರೆ ಅಂಥ ಸೀರೆಯನ್ನು ರೀಲ್‌ಗೆ ಕೊಡಲೇಬೇಡಿ. ರೀಲ್‌ನಲ್ಲಿ ಟ್ಯಾಗ್ ನಂಬರ್ ಕಾಣಲಿ. ಆಗ ಯಾವ ಅಂಗಡಿಯ ಸೇಲ್ಸ್‌ಮನ್ ಆದರೂ ನಂಬರ್ ಹೊಡೆದು ಪೀಸ್ ಎಲ್ಲಿದೆ ಅಂತ ನೋಡಬಹುದು. ಹೊಸ ಲಾಟ್ ಯಾವ ತಿಂಗಳುಗಳಲ್ಲಿ ಬರುತ್ತದೆ ಅನ್ನುವುದೂ ಇರಲಿ. ಶೂಟಿಂಗ್ ದಿನ ಅದರ ಮೇಲೇ ನಿಲ್ಲಬೇಕು.

ಇದರ ಜೊತೆಗೇ "ಬೆಲೆ ಎಷ್ಟು?" ಕಾಮೆಂಟ್‌ನ ಪ್ರಶ್ನೆ. ಬೆಲೆ ತೋರಿಸುತ್ತೀರಾ, ಇಲ್ವಾ? ತೋರಿಸಿದರೆ ಪಕ್ಕದ ಅಂಗಡಿಯವರು ನೋಡುತ್ತಾರೆ ಅನ್ನುವ ಭಯ ನಿಮ್ಮ ಅಪ್ಪನಿಗೆ ಇದ್ದೇ ಇರುತ್ತದೆ. "ಇನ್‌ಬಾಕ್ಸ್ ಮಾಡಿ" ಅಂದರೆ ಅರ್ಧ ಜನ ಅಲ್ಲೇ ಬಿಟ್ಟು ಹೋಗುತ್ತಾರೆ. ನನ್ನ ಪ್ರಕಾರ ಧಾರೆ ಸೀರೆಗೆ ಒಂದು ರೇಂಜ್ ಆದರೂ ಹೇಳಬೇಕು, ಉದಾಹರಣೆಗೆ "18,000ದಿಂದ 24,000". ಮದುಮಗಳು ಬೆಂಗಳೂರಿನ ಅಂಗಡಿ ಜೊತೆ ಹೋಲಿಸುವುದೇ ಇದನ್ನು. ಏನೇ ತೀರ್ಮಾನ ಮಾಡಿದರೂ ಬ್ರೀಫ್ ಕಳಿಸುವ ಮುಂಚೆ ಮನೆಯಲ್ಲೇ ಮಾಡಿಕೊಳ್ಳಿ. ಮತ್ತೆ, ಪ್ರತಿ ಅಂಗಡಿಯಲ್ಲಿ ಒಬ್ಬರ ಹೆಸರು ಕೊಡಿ. ಏಜೆನ್ಸಿಯ ಹುಡುಗಿ "ಈ ನಂಬರ್ ಇದೆಯಾ?" ಅಂತ ವಾಟ್ಸಾಪ್ ಮಾಡಿದರೆ ಅವರು ಒಂದು ಗಂಟೆಯೊಳಗೆ ಉತ್ತರ ಕೊಡಬೇಕು.

ಸೀರೆಗಳ ಹೆಸರಿನ ಬಗ್ಗೆಯೂ ನಾಲ್ಕು ಸಾಲು ಬರೆಯಬೇಕು. ಬೆಂಗಳೂರಿನವರ ಪ್ರಪೋಸಲ್‌ನ ಸ್ಯಾಂಪಲ್ ಪೋಸ್ಟ್ ಇನ್ನೊಮ್ಮೆ ನೋಡಿ. ಒಂದು ಕ್ರೇಪ್ ಸೀರೆಯ ಫೋಟೋಗೆ "ಮೈಸೂರು ಸಿಲ್ಕ್" ಅಂತ ಹಾಕಿದ್ದಾರೆ. ಆ ಹೆಸರಿಗೆ ಜಿಐ ಅನ್ನುವ ಭೌಗೋಳಿಕ ಗುರುತು ಇದೆ, ಅದು ಇರುವುದು ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿ ಹೆಸರಿನಲ್ಲಿ. ಬೇರೆ ಕ್ರೇಪ್‌ಗೆ ಆ ಹೆಸರು ಹಾಕಿದರೆ ನೋಟಿಸ್ ಬರುವುದು ನಿಮಗೆ, ಏಜೆನ್ಸಿಗಲ್ಲ. ಇಳಕಲ್, ಮೊಳಕಾಲ್ಮೂರು ಸೀರೆಗಳಿಗೂ ಹೀಗೇ ಗುರುತು ಇದೆ. ಚಿತ್ರದುರ್ಗದ ಅಂಗಡಿಯಲ್ಲಿ ನಿಜವಾದ ಮೊಳಕಾಲ್ಮೂರು ಇಟ್ಟಿದ್ದರೆ ಅದನ್ನು ಜೋರಾಗಿಯೇ ಹೇಳಿ, ಇಲ್ಲದಿದ್ದರೆ ಆ ಹೆಸರು ಬೇಡ. ಸೆಮಿ ಸಿಲ್ಕ್ ಅನ್ನು ಪ್ಯೂರ್ ಸಿಲ್ಕ್ ಅನ್ನುವುದು, ಟೆಸ್ಟೆಡ್ ಜರಿಯನ್ನು ಪ್ಯೂರ್ ಜರಿ ಅನ್ನುವುದು ಕೂಡ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷದವರೆಗೆ ದಂಡ ಹಾಕಬಹುದು. ಜವಳಿ ಗೊತ್ತಿಲ್ಲದ 23 ವರ್ಷದ ಹುಡುಗನೊಬ್ಬ ಇವನ್ನೆಲ್ಲ ಬರೆಯುತ್ತಾನೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಬ್ರೀಫ್ ಬರೆಯಿರಿ.

ಹಾಡಿನದೂ ಅದೇ ಕಥೆ. ರೀಲ್‌ಗೆ ಸಿನಿಮಾ ಹಾಡು ಹಾಕಿದರೆ ಓಡುತ್ತೆ ಅಂತ ತಮ್ಮ ಇಷ್ಟು ದಿನ ಹಾಕುತ್ತಿದ್ದಿರಬಹುದು. ವ್ಯಾಪಾರಕ್ಕೆ ಬಳಸಲು ಹಾಡಿನ ಹಕ್ಕು ಬೇರೆ ತೆಗೆದುಕೊಳ್ಳಬೇಕು. ಹಕ್ಕಿಲ್ಲದ ಹಾಡು ಬೇಡ ಅಂತ ಒಂದು ಸಾಲು ಬರೆದರೆ ಸಾಕು.

ಬಜೆಟ್ ಹೇಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಹೇಳಿಬಿಡಿ. ಹೇಳಿದರೆ ಅಷ್ಟಕ್ಕೂ ಬಿಲ್ ಮಾಡುತ್ತಾರೆ ಅನ್ನುವುದು ನಿಜ. ಆದರೆ ಹೇಳದಿದ್ದರೆ ಈಗ ಬಂದ ಹಾಗೆ 45,000 ಒಂದು ಕಡೆ, 1.4 ಲಕ್ಷ ಇನ್ನೊಂದು ಕಡೆ ಬರುತ್ತದೆ, ಎರಡರಲ್ಲೂ ಏನು ಸೇರಿದೆ ಅಂತ ಗೊತ್ತಾಗುವುದಿಲ್ಲ. ಮೂರು ಭಾಗ ಬೇರೆ ಬೇರೆ ಬರೆಯಲು ಹೇಳಿ: ಏಜೆನ್ಸಿಯ ಫೀ, ಶೂಟಿಂಗ್ ಖರ್ಚು, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸುವ ಮೆಟಾಗೆ ಕಟ್ಟುವ ಜಾಹೀರಾತಿನ ದುಡ್ಡು. ತಿಂಗಳಿಗೆ ಒಟ್ಟು ಎರಡು ಲಕ್ಷ ಇಡುತ್ತೀರಿ ಅಂದುಕೊಳ್ಳಿ. ನಾನಾದರೆ ಫೀಗೆ 80,000, ಶೂಟಿಂಗ್‌ಗೆ 40,000, ಜಾಹೀರಾತಿಗೆ 80,000 ಅಂತ ಶುರು ಮಾಡುತ್ತೇನೆ. ಅದೂ ಜಾಹೀರಾತಿನ ದುಡ್ಡನ್ನು ಪ್ರತಿ ತಿಂಗಳೂ ಸಮನಾಗಿ ಅಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇಲ್ಲ, ಆಗ ಧಾರೆ ಸೀರೆಗೆ ಜಾಹೀರಾತು ಹಾಕುವುದು ದಂಡ. ಆ ದುಡ್ಡು ಉಳಿಸಿ ಸೀಸನ್‌ಗೆ ಮುಂಚಿನ ವಾರಗಳಲ್ಲಿ ಸುರಿಯಿರಿ. ನಿಮಗೆ ಬಂದ ಮೂರೂ ರೇಟ್ ಜಿಎಸ್‌ಟಿ ಬಿಟ್ಟು ಹೇಳಿದ್ದು. 18 ಪರ್ಸೆಂಟ್ ಸೇರಿಸಿದರೆ 90,000 ಅನ್ನುವುದು 1,06,200 ಆಗುತ್ತದೆ. ಇನ್‌ಪುಟ್ ಕ್ರೆಡಿಟ್ ಎಷ್ಟು ಬರುತ್ತೆ ಅಂತ ನಿಮ್ಮ ಆಡಿಟರ್‌ನ ಕೇಳಿ.

ಅಳೆಯುವುದು ಹೇಗೆ ಅನ್ನುವುದು ಬ್ರೀಫ್‌ನ ಕೊನೆಯ ಭಾಗ. ಆನ್‌ಲೈನ್ ಮಾರಾಟ ಇಲ್ಲದ ಅಂಗಡಿಗೆ ಇದು ಕಷ್ಟ, ಆದರೆ ಆರು ಅಂಗಡಿ ಇರುವುದು ನಿಮಗೆ ಒಂದು ಅನುಕೂಲ. ಒಂದು ಊರಲ್ಲಿ ಜಾಹೀರಾತು ಹಾಕಿ, ಇನ್ನೊಂದರಲ್ಲಿ ಹಾಕದೆ ನೋಡಬಹುದು. ರಾಣೆಬೆನ್ನೂರು, ಹಾವೇರಿ ಹತ್ತಿರ ಹತ್ತಿರ, ಅವೆರಡನ್ನು ಎದುರುಬದುರು ಇಡಬೇಡಿ. ಚಿತ್ರದುರ್ಗದಲ್ಲಿ ಹಾಕಿ, ಶಿವಮೊಗ್ಗದಲ್ಲಿ ಬಿಡಿ. ವರಮಹಾಲಕ್ಷ್ಮಿಗೆ ಮುಂಚಿನ ಮೂರು ವಾರದ ಬಿಲ್ ಎಣಿಸಿ. ಕಳೆದ ವರ್ಷದ ಜೊತೆ ಹೋಲಿಸುವಾಗ ತಾರೀಖು ಹಿಡಿಯಬೇಡಿ, ಹಬ್ಬ ಹಿಡಿಯಿರಿ. ಹಬ್ಬ 2024ರಲ್ಲಿ ಆಗಸ್ಟ್ 16ಕ್ಕೆ ಬಂತು, 2025ರಲ್ಲಿ ಆಗಸ್ಟ್ 8ಕ್ಕೆ. ತಾರೀಖು ಹಿಡಿದು ಹೋಲಿಸಿದರೆ ಒಂದು ವಾರದ ವ್ಯಾಪಾರ ಆಚೀಚೆ ಆಗಿ ಲೆಕ್ಕವೇ ಸುಳ್ಳಾಗುತ್ತದೆ. ಎಷ್ಟೋ ಏಜೆನ್ಸಿ ರಿಪೋರ್ಟ್‌ಗಳು "ಕಳೆದ ವರ್ಷದ ಆಗಸ್ಟ್‌ಗಿಂತ ಇಷ್ಟು ಜಾಸ್ತಿ" ಅಂತ ತಿಂಗಳು ಹಿಡಿದೇ ಹೇಳುತ್ತವೆ.

ಲೆಕ್ಕ ಹೀಗಿರುತ್ತದೆ, ನಂಬರ್‌ಗಳು ಬರೀ ಉದಾಹರಣೆಗೆ. ಚಿತ್ರದುರ್ಗದಲ್ಲಿ ಆ ಮೂರು ವಾರ ಹಿಂದಿನ ವರ್ಷ 1,200 ಬಿಲ್, ಈ ವರ್ಷ 1,380. ಅಂದರೆ 15 ಪರ್ಸೆಂಟ್ ಜಾಸ್ತಿ. ಜಾಹೀರಾತು ಹಾಕದ ಶಿವಮೊಗ್ಗದಲ್ಲಿ 1,500 ಇದ್ದದ್ದು 1,590 ಆಗಿದೆ, 6 ಪರ್ಸೆಂಟ್. ಆ 6 ಹೇಗೂ ಬರುತ್ತಿತ್ತು ಅಂತ ಬಿಡಿ. ಉಳಿದ 9 ಪರ್ಸೆಂಟ್, ಅಂದರೆ 108 ಬಿಲ್, ಜಾಹೀರಾತಿನಿಂದ ಬಂದಿರಬಹುದು. ಬಿಲ್‌ಗೆ ಸರಾಸರಿ 3,500 ಆದರೆ ಸುಮಾರು 3.8 ಲಕ್ಷದ ವ್ಯಾಪಾರ. ಅದರಲ್ಲಿ ನಿಮ್ಮ ಮಾರ್ಜಿನ್ ಎಷ್ಟು ಅಂತ ನಿಮಗೇ ಗೊತ್ತು, ಜಾಹೀರಾತಿನ ಖರ್ಚಿನ ಪಕ್ಕ ಇಟ್ಟು ನೋಡಿ. ಒಂದು ಹಬ್ಬದ ಲೆಕ್ಕ ನಂಬಿ ಕೂರಬೇಡಿ. ಮಳೆ ಜೋರಾಗಿರಬಹುದು, ಶಿವಮೊಗ್ಗದಲ್ಲಿ ಎದುರಿಗೆ ಹೊಸ ಅಂಗಡಿ ಬಂದಿರಬಹುದು. ಮುಂದಿನ ಸೀಸನ್‌ನಲ್ಲಿ ಊರು ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿ. ಇದರ ಜೊತೆ ಧಾರೆ ಸೀರೆ ಕೌಂಟರ್‌ನಲ್ಲಿ "ಫೋನಲ್ಲಿ ನೋಡಿ ಬಂದ್ರಾ?" ಅಂತ ಕೇಳಿ ಬಿಲ್ ಮೇಲೆ ಗುರುತು ಹಾಕುವುದೂ ನಡೆಯಲಿ.

ಬ್ರೀಫ್ ಹೋಯಿತು, ಪ್ರಪೋಸಲ್ ಬಂತು ಅಂದುಕೊಳ್ಳಿ. ಮೊದಲು ನೋಡಬೇಕಾದದ್ದು ಮಧ್ಯದಲ್ಲಿ ಬಂದ ಫೋನ್. ಬ್ರೀಫ್ ಓದಿದ ಮೇಲೆ ಯಾರು ಪ್ರಶ್ನೆ ಕೇಳಿದರು? "ಧಾರೆ ಸೀರೆ ನೋಡಿ ತಗೊಳ್ಳದೇ ಹೋದವರು ಏನಂತ ಹೇಳಿ ಹೋಗ್ತಾರೆ?" ಅಂತ ಯಾರಾದರೂ ಕೇಳಿದ್ದರೆ ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿ. ಹೋಗುತ್ತಿರುವುದು ರೇಟ್‌ಗೋ, ಕಲರ್‌ಗೋ, ಬ್ಲೌಸ್ ಹೊಲಿಗೆ ಸೌಲಭ್ಯಕ್ಕೋ ಅಂತ ಗೊತ್ತಾಗದೆ ರೀಲ್ ಮಾಡಿ ಪ್ರಯೋಜನ ಇಲ್ಲ. ಬ್ಲೌಸ್ ಕಾರಣಕ್ಕೇ ಬೆಂಗಳೂರಿಗೆ ಹೋಗುತ್ತಿದ್ದಾರೆ ಅಂತಾದರೆ ಏಜೆನ್ಸಿಗಿಂತ ಮೊದಲು ನೀವು ಒಬ್ಬ ಒಳ್ಳೆ ಟೈಲರ್‌ನ ಹುಡುಕಬೇಕು.

ಆಮೇಲೆ ದುಡಿಮೆಯ ಗಂಟೆ ಲೆಕ್ಕ ಹಾಕಿ. ಊರಿನವರ ಈಗಿನ ಪ್ರಪೋಸಲ್ ತಗೊಳ್ಳಿ: ತಿಂಗಳಿಗೆ 30 ಪೋಸ್ಟ್, 12 ರೀಲ್, ಕಾಮೆಂಟ್‌ಗೆ ಉತ್ತರ, ಜಾಹೀರಾತು, ರಿಪೋರ್ಟ್. ಎಲ್ಲ ಸೇರಿ 45,000. ಒಂದು ರೀಲ್‌ಗೆ ಶೂಟಿಂಗ್, ಎಡಿಟಿಂಗ್ ಸೇರಿ ಐದು ಗಂಟೆ ಅಂದರೂ ಹನ್ನೆರಡಕ್ಕೆ 60 ಗಂಟೆ. ಪೋಸ್ಟ್‌ಗೆ ಒಂದೂವರೆ ಗಂಟೆ ಅಂದರೆ 45. ಕಾಮೆಂಟ್‌ಗೆ ದಿನಕ್ಕೆ ಒಂದು ಗಂಟೆ, ಅದು 30. ಜಾಹೀರಾತಿಗೆ 20, ಮೀಟಿಂಗ್, ರಿಪೋರ್ಟ್‌ಗೆ 10. ಒಟ್ಟು 165 ಗಂಟೆ. ಅಂದರೆ ಒಬ್ಬ ಮನುಷ್ಯನ ಪೂರ್ತಿ ತಿಂಗಳು. ಆ 45,000ದಲ್ಲಿ ಆಫೀಸ್ ಬಾಡಿಗೆ, ಕ್ಯಾಮೆರಾ, ಓಡಾಟ, ಲಾಭ ಎಲ್ಲ ಕಳೆದರೆ ಆ ಮನುಷ್ಯನಿಗೆ ಎಷ್ಟು ಸಂಬಳ ಉಳಿಯುತ್ತೆ ಹೇಳಿ. ಹಾಗಾಗಿ ಆಗುವುದು ಎರಡರಲ್ಲಿ ಒಂದು. ಹೊಸದಾಗಿ ಸೇರಿದ ಹುಡುಗ ಒಬ್ಬನೇ ಎಲ್ಲ ಮಾಡುತ್ತಾನೆ, ಇಲ್ಲವೇ 30 ಪೋಸ್ಟ್‌ನಲ್ಲಿ 20 "ಶುಭ ಶುಕ್ರವಾರ" ಥರದ ರೆಡಿಮೇಡ್ ಕಾರ್ಡ್ ಆಗುತ್ತವೆ. ಅವರನ್ನು ಕೈಬಿಡಿ ಅಂತ ಹೇಳುತ್ತಿಲ್ಲ. "ಅದೇ ದುಡ್ಡಿಗೆ 8 ಪೋಸ್ಟ್, 6 ರೀಲ್ ಮಾತ್ರ ಮಾಡಿ, ಆದರೆ ವಾರಕ್ಕೊಂದು ದಿನ ಅಂಗಡಿಯಲ್ಲೇ ಇರಿ" ಅಂತ ಕೇಳಿ ನೋಡಿ. ಒಪ್ಪಿದರೆ ಅವರು ಊರಲ್ಲೇ ಇರುವುದು ದೊಡ್ಡ ಲಾಭ. ಲಾಟ್ ಬಂದ ದಿನವೇ ಬಂದು ಶೂಟ್ ಮಾಡುತ್ತಾರೆ. ಬೆಂಗಳೂರಿನವರಿಗೆ ಅದು ಆಗದ ಕೆಲಸ.

ಊರಿನವರ ಪ್ರಪೋಸಲ್‌ನಲ್ಲಿ "ತಿಂಗಳಿಗೆ 5,000 ಫಾಲೋವರ್ಸ್ ಗ್ಯಾರಂಟಿ" ಅನ್ನುವ ಸಾಲು ಇದೆ. ಅದನ್ನು ಹೊಡೆದು ಹಾಕಿಸಿ. ಫಾಲೋವರ್ಸ್ ಗ್ಯಾರಂಟಿ ಕೊಡಬೇಕು ಅಂದರೆ ಕೊಳ್ಳಬೇಕು, ಇಲ್ಲವೇ ಎಲ್ಲಿನವರೋ ಸೇರುವ ಹಾಗೆ ಗಿಫ್ಟ್ ಆಟ ಆಡಿಸಬೇಕು. ಅವರ ಹಳೆಯ ಕ್ಲೈಂಟ್ ಪೇಜ್ ತೆಗೆದು ಸುಮ್ನೆ ಹತ್ತು ಪೋಸ್ಟ್‌ನ ಕಾಮೆಂಟ್ ಓದಿ. ಬರೀ ಹಾರ್ಟ್, ಬೆಂಕಿ ಗುರುತು ತುಂಬಿ, "ಹಾವೇರಿ ಬ್ರಾಂಚ್‌ನಲ್ಲಿ ಇದೆಯಾ?" ಅನ್ನುವ ಥರದ ಒಂದು ಪ್ರಶ್ನೆಯೂ ಇಲ್ಲ ಅಂದರೆ ಅರ್ಥ ಆಯ್ತಲ್ವಾ. ಇನ್‌ಸ್ಟಾಗ್ರಾಂ ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್ ಯಾವ ಊರಿನವರು ಅಂತ ಕಾಣುತ್ತದೆ. ಆ ಸ್ಕ್ರೀನ್ ತೋರಿಸಲು ಕೇಳಿ.

ಬೆಂಗಳೂರಿನವರ 42 ಸ್ಲೈಡ್‌ನಲ್ಲಿ ಹದಿನಾಲ್ಕು ಬೇರೆ ಕಂಪನಿಗಳ ಲೋಗೋ. ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಕೆಲಸ ಮಾಡುವವರು ಯಾರು, ಅವರ ಕೈಯಲ್ಲಿ ಇನ್ನೆಷ್ಟು ಕ್ಲೈಂಟ್ ಇದ್ದಾರೆ? ಮೀಟಿಂಗ್‌ಗೆ ಬಂದು ಮಾತಾಡಿದ ಡೈರೆಕ್ಟರ್ ಮತ್ತೆ ನಿಮಗೆ ಸಿಗುವುದು ಕಷ್ಟ. ದಿನದ ಕೆಲಸ ಮಾಡುವವರನ್ನೇ ಮುಂದಿನ ಮೀಟಿಂಗ್‌ಗೆ ಕರೆಸಿ, ಅವರೇ ಮಾತಾಡಲಿ. ಕನ್ನಡದಲ್ಲಿ ಬರೆಯುವವರು ಯಾರು ಅಂತ ಹೆಸರು ಹಿಡಿದು ಕೇಳಿ. ಅವರ ಕೇಸ್ ಸ್ಟಡಿಯಲ್ಲಿ "ಹಾಕಿದ ಒಂದು ರೂಪಾಯಿಗೆ ಎಂಟು ರೂಪಾಯಿ ಮಾರಾಟ" ಅಂತ ಇದೆ. ಅದು ವೆಬ್‌ಸೈಟ್‌ನಲ್ಲಿ ಮಾರುವ ಕಂಪನಿಯ ಲೆಕ್ಕ. ಮೆಟಾ ಸಾಮಾನ್ಯವಾಗಿ ಜಾಹೀರಾತು ಒತ್ತಿ ಏಳು ದಿನದೊಳಗೆ, ಅಥವಾ ಬರೀ ನೋಡಿ ಒಂದು ದಿನದೊಳಗೆ ಕೊಂಡವರನ್ನೂ ತನ್ನ ಲೆಕ್ಕಕ್ಕೆ ಸೇರಿಸುತ್ತದೆ. ಅವರಲ್ಲಿ ಹೇಗೂ ಕೊಳ್ಳುತ್ತಿದ್ದವರು ಎಷ್ಟು ಅಂತ ಅದು ಹೇಳುವುದಿಲ್ಲ. ನಿಮ್ಮ ಕೌಂಟರ್‌ಗೆ ಆ ಎಂಟು ರೂಪಾಯಿ ಹೊಂದುವುದಿಲ್ಲ. ಮೂವರನ್ನೂ ಇನ್ನೊಂದು ಕೇಳಿ: ಕಳೆದ ವರ್ಷ ನಿಮ್ಮನ್ನು ಬಿಟ್ಟು ಹೋದ ಒಬ್ಬ ಕ್ಲೈಂಟ್‌ನ ನಂಬರ್ ಕೊಡಿ. ಕೊಡಲು ಒಪ್ಪುವವರು ಕಡಿಮೆ. ಕೊಟ್ಟವರ ಬಗ್ಗೆ ನನಗೆ ಅಲ್ಲೇ ಒಂದು ನಂಬಿಕೆ ಬರುತ್ತದೆ.

ಹುಬ್ಬಳ್ಳಿಯವರದು ಮೂರರಲ್ಲಿ ಸರಳವಾದ ಪ್ರಪೋಸಲ್. ನೋಡಲು ಚೆಂದ ಇಲ್ಲ, ಆದರೆ ಫೀ ಬೇರೆ, ಜಾಹೀರಾತಿನ ದುಡ್ಡು ಬೇರೆ ಅಂತ ಬರೆದಿದ್ದಾರೆ, ಬ್ರೀಫ್ ಕೇಳಿದ್ದೂ ಅವರೊಬ್ಬರೇ. ಒಂದೇ ತಕರಾರು: ಜಾಹೀರಾತಿನ ದುಡ್ಡಿನ ಮೇಲೆ 15 ಪರ್ಸೆಂಟ್ ಕಮಿಷನ್ ಹಾಕಿದ್ದಾರೆ. ನೀವು ಜಾಸ್ತಿ ಖರ್ಚು ಮಾಡಿದಷ್ಟೂ ಅವರಿಗೆ ಲಾಭ ಆಗುವ ಏರ್ಪಾಡು ಅದು. ಮೊದಲ ವರ್ಷ ಫಿಕ್ಸೆಡ್ ಫೀ ಮಾಡಿಕೊಳ್ಳಿ.

ಕೊನೆಗೆ ಇಬ್ಬರು ಉಳಿದರೆ ಇಬ್ಬರಿಗೂ ದುಡ್ಡು ಕೊಟ್ಟು ಒಂದು ದಿನದ ಕೆಲಸ ಮಾಡಿಸಿ. ಬಿಟ್ಟಿ ಸ್ಯಾಂಪಲ್ ಕೇಳಬೇಡಿ, ಬಿಟ್ಟಿಗೆ ಬರುವುದು ಹಳೆಯ ಕ್ಲೈಂಟ್‌ಗೆ ಮಾಡಿದ್ದರ ಮೇಲೆ ನಿಮ್ಮ ಲೋಗೋ ಅಂಟಿಸಿದ್ದು. ತಲಾ 15,000 ಕೊಟ್ಟು, ಒಂದು ದಿನ ದಾವಣಗೆರೆಯ ದೊಡ್ಡ ಅಂಗಡಿಯಲ್ಲಿ ಇದ್ದು ಒಂದು ರೀಲ್, ಕನ್ನಡದಲ್ಲಿ ಎರಡು ಕ್ಯಾಪ್ಷನ್ ಕೊಡಲು ಹೇಳಿ. ರೀಲ್ ಎಷ್ಟು ಚೆಂದ ಬಂತು ಅನ್ನುವುದಕ್ಕಿಂತ ಆ ದಿನ ಅವರು ಏನು ಮಾಡಿದರು ಅಂತ ನೋಡಿ. ಬಂದ ಕೂಡಲೇ ಲೈಟ್ ಹಾಕಿ ಶುರು ಮಾಡಿದರಾ, ಅಥವಾ ಒಂದು ಗಂಟೆ ಸೀರೆ ಕೌಂಟರ್ ಪಕ್ಕ ನಿಂತು ಗಿರಾಕಿಗಳ ಮಾತು ಕೇಳಿದರಾ? ನಿಮ್ಮ ಹಳೆಯ ಸೇಲ್ಸ್‌ಮನ್ ಹತ್ತಿರ ಎಷ್ಟು ಹೊತ್ತು ಮಾತಾಡಿದರು? ಸಂಜೆ ಆತನನ್ನೇ ಕರೆದು ಇಬ್ಬರಲ್ಲಿ ಯಾರು ಅಂತ ಕೇಳಿ. ನಿಮ್ಮ ಅಪ್ಪ, ತಮ್ಮ ಇಬ್ಬರೂ ಒಪ್ಪುವ ಮಾತು ಬಹುಶಃ ಆತನಿಂದಲೇ ಬರುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಪೇಜ್, ಇನ್‌ಸ್ಟಾಗ್ರಾಂ ಅಕೌಂಟ್, ಜಾಹೀರಾತಿನ ಅಕೌಂಟ್ ಮೂರೂ ನಿಮ್ಮ ಹೆಸರಲ್ಲೇ ಇರಬೇಕು. ಈಗ ಅವೆಲ್ಲ ತಮ್ಮನ ಸ್ವಂತ ಫೇಸ್‌ಬುಕ್ ಲಾಗಿನ್‌ಗೆ ತಗಲಿಕೊಂಡಿರುತ್ತವೆ. ಮೊದಲು ಅಂಗಡಿಯ ಹೆಸರಲ್ಲಿ ಮೆಟಾದ ಬಿಸಿನೆಸ್ ಅಕೌಂಟ್ ತೆರೆದು ಎಲ್ಲವನ್ನೂ ಅದರೊಳಗೆ ತನ್ನಿ. ಮನೆಯ ಇಬ್ಬರು ಅಡ್ಮಿನ್ ಆಗಿರಿ. ಏಜೆನ್ಸಿಗೆ ಪಾಸ್‌ವರ್ಡ್ ಕೊಡಬೇಡಿ. `Business settings` ಒಳಗೆ `Partners` ಅಂತ ಇದೆ, ಅಲ್ಲಿ ಅವರ ಬಿಸಿನೆಸ್ ಐಡಿ ಹಾಕಿ ಬೇಕಾದಷ್ಟೇ ಅನುಮತಿ ಕೊಡಿ. ಜಾಹೀರಾತಿನ ದುಡ್ಡು ನಿಮ್ಮ ಕಾರ್ಡ್‌ನಿಂದ ನೇರವಾಗಿ ಮೆಟಾಗೆ ಹೋಗಲಿ, ಅಕೌಂಟ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಲಿ. "ನಮ್ಮ ಅಕೌಂಟ್‌ನಿಂದಲೇ ಓಡಿಸ್ತೀವಿ, ನಿಮಗೆ ಬಿಲ್ ಕೊಡ್ತೀವಿ" ಅನ್ನುವವರು ಇರುತ್ತಾರೆ. ಹಾಗೆ ಮಾಡಿದರೆ ನಿಜಕ್ಕೂ ಎಷ್ಟು ಖರ್ಚಾಯಿತು ಅಂತ ನಿಮಗೆ ಕಾಣುವುದಿಲ್ಲ. ಏಜೆನ್ಸಿ ಬದಲಾಯಿಸಿದ ದಿನ, ಯಾವ ಜಾಹೀರಾತಿಗೆ ಯಾರು ಸ್ಪಂದಿಸಿದರು ಅನ್ನುವ ಇಡೀ ವರ್ಷದ ಮಾಹಿತಿ ಅವರ ಜೊತೆಗೇ ಹೋಗುತ್ತದೆ. ಎಡಿಟ್ ಆಗದ ಮೂಲ ವಿಡಿಯೋಗಳು ಪ್ರತಿ ತಿಂಗಳು ನಿಮ್ಮ ಡ್ರೈವ್‌ಗೆ ಬರಬೇಕು. ನಿಮ್ಮ ಊರುಗಳಲ್ಲಿ ಇನ್ನೊಂದು ಜವಳಿ ಅಂಗಡಿಯ ಕೆಲಸ ಹಿಡಿಯಬಾರದು. ಬಿಡುವುದಾದರೆ 30 ದಿನದ ನೋಟಿಸ್. ಇಷ್ಟು ಇದ್ದರೆ ಸಾಕು.

ನಿಮ್ಮ ಕಡೆಯಿಂದ ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ, ಅದನ್ನೂ ಬ್ರೀಫ್‌ನಲ್ಲೇ ಬರೆಯಿರಿ. ಅಪ್ಪ ಒಂದು, ತಮ್ಮ ಒಂದು, ನೀವೊಂದು ಹೇಳಿದರೆ ಗುರುವಾರದ ರೀಲ್ ಮುಂದಿನ ಬುಧವಾರ ಹೋಗುತ್ತದೆ. ಅಷ್ಟರಲ್ಲಿ ಆ ಸೀರೆ ಇರುವುದಿಲ್ಲ.

ವರಮಹಾಲಕ್ಷ್ಮಿಗೆ ಶುರುವಾಗಬೇಕು ಅಂದಿದ್ದೀರಿ. ಹಿಂದಕ್ಕೆ ಎಣಿಸಿದರೆ ಹಬ್ಬಕ್ಕೆ ಮೂರು ವಾರ ಮುಂಚೆ ಜಾಹೀರಾತು ಓಡುತ್ತಿರಬೇಕು. ಆಗ ಇನ್ನೂ ಆಷಾಢ ಮುಗಿದಿರುವುದಿಲ್ಲ. ನಿಮ್ಮ ಧಾರೆ ಸೀರೆ ಕೌಂಟರ್ ಖಾಲಿ ಇರುವ, ಶ್ರಾವಣದ ಲಾಟ್ ಒಳಗೆ ಬರುವ ಹೊತ್ತು ಅದು. ಶೂಟಿಂಗ್‌ಗೆ ಅದಕ್ಕಿಂತ ಒಳ್ಳೆ ತಿಂಗಳು ಸಿಗುವುದಿಲ್ಲ. ಹಾಗಾಗಿ ಏಜೆನ್ಸಿ ಆಷಾಢಕ್ಕೆ ಮುಂಚೆ ಕೈ ಸೇರಬೇಕು. ಎರಡು ವಾರ ಪ್ರಪೋಸಲ್‌ಗೆ, ಒಂದು ವಾರ ಆ ಒಂದು ದಿನದ ಕೆಲಸಗಳಿಗೆ, ಇನ್ನೊಂದು ವಾರ ಅಕೌಂಟ್‌ಗಳನ್ನು ಅಂಗಡಿಯ ಹೆಸರಿಗೆ ತರಲು. ಹಬ್ಬಕ್ಕೆ ಮೂರು ತಿಂಗಳು ಇರುವಾಗ ಬ್ರೀಫ್ ಮೂವರ ಕೈಯಲ್ಲಿರಲಿ.

ಯಾರನ್ನು ತಗೊಳ್ಳುವುದಿಲ್ಲವೋ ಆ ಇಬ್ಬರಿಗೂ ಫೋನ್ ಮಾಡಿ ಕಾರಣ ಹೇಳಿ. ಅವರ ಪ್ರಪೋಸಲ್‌ನಲ್ಲಿದ್ದ ಐಡಿಯಾ ಯಾವುದಾದರೂ ಬೇಕು ಅನ್ನಿಸಿದರೆ ಕೇಳಿ, ರೇಟ್ ಮಾತಾಡಿ ತಗೊಳ್ಳಿ. ಗೆದ್ದವರ ಕೈಗೆ ಕೊಟ್ಟು ಮಾಡಿಸಬೇಡಿ. ಈ ಕಡೆ ಇರುವ ಏಜೆನ್ಸಿಗಳು ಕೈಬೆರಳಲ್ಲಿ ಎಣಿಸುವಷ್ಟು. ಎರಡು ವರ್ಷ ಬಿಟ್ಟು ಅವರಲ್ಲೇ ಒಬ್ಬರ ಬಾಗಿಲಿಗೆ ಮತ್ತೆ ಹೋಗಬೇಕಾಗಬಹುದು.